ಮೂರು ಕಡೆ ಮೂರು ನಂಬರ್: ಮಗಳ ಎಡಗಣ್ಣು ಮೂಗಿನ ಕಡೆ ಯಾಕೆ ಸರಿಯುತ್ತದೆ?

ಪ್ರಶ್ನೆ: ಮೇಡಂ, ನಾವು ಡೊಂಬಿವಿಲಿಯಲ್ಲಿದ್ದೇವೆ, ಊರು ಕುಂದಾಪುರದ ಕಡೆ. ಮಗಳಿಗೆ ಐದೂವರೆ ವರ್ಷ, ಸೀನಿಯರ್ ಕೆಜಿ. ನಾಲ್ಕೈದು ತಿಂಗಳಿಂದ ಸಂಜೆ ಹೊತ್ತು ಹಣೆ ನೋವು ಅಂತಾಳೆ. ಬಣ್ಣ ತುಂಬುವಾಗ, ಊಟ ಮಾಡುವಾಗ ಎಡಗಣ್ಣು ಮೂಗಿನ ಕಡೆ ಸರಿಯುತ್ತೆ. ಹೆಸರು ಹಿಡಿದು ಕರೆದರೆ ತಲೆ ಎತ್ತುತ್ತಾಳೆ, ಕಣ್ಣು ನೆಟ್ಟಗಾಗುತ್ತೆ. ಶಾಲೆಯ ತಪಾಸಣೆಯಲ್ಲಿ ಕೊನೇ ಸಾಲಿನವರೆಗೂ ಓದಿದಳು, 6/6 ಅಂತ ಬರೆದುಕೊಟ್ಟರು. ಕನ್ನಡಕದ ಅಂಗಡಿಯ ಮಷೀನು ಮೈನಸ್ 0.50 ತೋರಿಸಿತು. ಈಗ ಕಣ್ಣಿನ ಡಾಕ್ಟರು ಮೂರು ದಿನ ಮುಲಾಮು ಹಾಕಿಸಿ ನೋಡಿ, ಬಲಕ್ಕೆ ಪ್ಲಸ್ 4.50, ಎಡಕ್ಕೆ ಪ್ಲಸ್ 5.25 ಅಂದಿದ್ದಾರೆ. ದಿನವಿಡೀ ಹಾಕಬೇಕಂತೆ. ಮುಲಾಮು ಹಾಕಿದ ಮೇಲೆ ಅವಳಿಗೆ ಪುಸ್ತಕವೂ ಕಾಣ್ತಿಲ್ಲ, ಟೀವಿಯೂ ಮಸುಕು. ಮದ್ದಿನಿಂದಲೇ ನಂಬರ್ ಬಂತಾ? ಅತ್ತೆ "ಮಾಲುಗಣ್ಣು ಅದೃಷ್ಟ, ದೊಡ್ಡವಳಾದ್ರೆ ಸರಿಹೋಗತ್ತೆ" ಅಂತಾರೆ. ಪಕ್ಕದ ಮನೆಯವರು ಆಪರೇಷನ್ ಮಾಡಿಸಿಬಿಡಿ ಅಂತಾರೆ. ಎರಡು ವರ್ಷದ ಮಗನೂ ಇದ್ದಾನೆ, ಅವನಿಗೂ ಬರಬಹುದಾ?

ಉತ್ತರ: ಮೂರು ಕಡೆಯವರೂ ತಾವು ಅಳೆದದ್ದನ್ನು ಸರಿಯಾಗಿಯೇ ಹೇಳಿದ್ದಾರೆ. ಅಳೆದದ್ದು ಮಾತ್ರ ಬೇರೆ ಬೇರೆ. ಮಗು ಎಷ್ಟು ಸಣ್ಣ ಅಕ್ಷರ ಓದಬಲ್ಲಳು ಅಂತ ಶಾಲೆಯಲ್ಲಿ ನೋಡಿದರು. ಆ ಕ್ಷಣದಲ್ಲಿ ಅವಳ ಕಣ್ಣು ಎಲ್ಲಿಗೆ ಫೋಕಸ್ ಆಗಿತ್ತು ಅಂತ ಅಂಗಡಿಯ ಮಷೀನು ನೋಡಿತು. ಮುಲಾಮು ಹಾಕಿದ ಡಾಕ್ಟರು ಫೋಕಸ್ ಮಾಡುವ ಸ್ನಾಯುವಿಗೆ ರಜೆ ಕೊಟ್ಟು, ಬರೀ ಕಣ್ಣನ್ನು ಅಳೆದರು. ಕನ್ನಡಕ ಕೊಡುವುದು ಈ ಕೊನೆಯ ಲೆಕ್ಕದ ಮೇಲೆ. ಅಂಗಡಿಯಲ್ಲಿ ಮೈನಸ್ ಕನ್ನಡಕ ಮಾಡಿಸಿದ್ದರೆ ದಯವಿಟ್ಟು ಅದನ್ನು ಹಾಕಬೇಡಿ. ಈಗಾಗಲೇ ಭಾರ ಹೊತ್ತಿರುವ ಕಣ್ಣಿಗೆ ಅದು ಇನ್ನಷ್ಟು ಭಾರ.

ಒಂದೇ ಮಗುವಿಗೆ ಈ ಮೂರೂ ಉತ್ತರ ಹೇಗೆ ಬಂತು ಅನ್ನುವುದು ಗೊತ್ತಾದರೆ ತಲೆನೋವು, ಮಾಲುಗಣ್ಣು ಎರಡೂ ಅರ್ಥವಾಗುತ್ತವೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಮಗಳ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಅಳೆದರೆ ಸ್ವಲ್ಪ ಗಿಡ್ಡ ಇರಬೇಕು. ಒಂದು ಮಿಲಿಮೀಟರ್ ಗಿಡ್ಡವಾದರೆ ಅಂದಾಜು 3 ನಂಬರ್ ಪ್ಲಸ್ ಬರುತ್ತದೆ. ಅಂದರೆ ಅವಳದ್ದು ಒಂದೂವರೆ ಮಿಲಿಮೀಟರಿನ ಕತೆ. ಕಣ್ಣು ಗಿಡ್ಡವಾದಾಗ ಬೆಳಕು ರೆಟಿನಾದ ಮೇಲೆ ಸೇರುವುದಿಲ್ಲ, ಅದರ ಹಿಂದೆ ಸೇರಲು ಹೊರಟಿರುತ್ತದೆ. ಸುಮ್ಮನೆ ಬಿಟ್ಟರೆ ದೂರದ್ದೂ ಮಸುಕು, ಹತ್ತಿರದ್ದು ಇನ್ನೂ ಮಸುಕು. ಪುಸ್ತಕಗಳಲ್ಲಿ ಇದಕ್ಕೆ ದೂರದೃಷ್ಟಿ ಅಂತ ಹೆಸರು. ಆ ಹೆಸರು ಕೇಳಿ "ದೂರದ್ದು ಚೆನ್ನಾಗಿ ಕಾಣುತ್ತಲ್ವಾ, ಹಾಗಾದ್ರೆ ತೊಂದರೆ ಇಲ್ಲ" ಅಂದುಕೊಳ್ಳುವ ತಂದೆತಾಯಿ ಎಷ್ಟೋ ಜನ. ಹಾಗಾಗಿ ನಾನು ಪ್ಲಸ್ ನಂಬರ್ ಅಂತಲೇ ಹೇಳುತ್ತೇನೆ.

ಆದರೆ ಮಗು ಸುಮ್ಮನೆ ಬಿಡುವುದಿಲ್ಲ. ಕಣ್ಣಿನೊಳಗಿನ ಲೆನ್ಸಿನ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ. ಅದು ಬಿಗಿಯಾದರೆ ಲೆನ್ಸು ಉಬ್ಬುತ್ತದೆ, ಬೆಳಕು ಮುಂದಕ್ಕೆ ಬಂದು ರೆಟಿನಾದ ಮೇಲೆ ಸರಿಯಾಗಿ ಕೂರುತ್ತದೆ. ನಾವೆಲ್ಲ ಹತ್ತಿರದ್ದನ್ನು ಓದುವಾಗ ಮಾಡುವ ಕೆಲಸ ಇದೇ. ಮಕ್ಕಳ ಲೆನ್ಸು ಬಹಳ ಮೆದು. ಹತ್ತು ವರ್ಷದ ಮಗು ಸುಮಾರು 14 ನಂಬರಿನಷ್ಟು ಉಬ್ಬಿಸಬಲ್ಲದು. ನಲವತ್ತೈದು ದಾಟುವಾಗ ನಮ್ಮಲ್ಲಿ ಉಳಿಯುವುದು ಮೂರೋ ನಾಲ್ಕೋ. ಆಗ ಚಾಳೀಸು ಬರುತ್ತದೆ. ನಿಮ್ಮ ಅತ್ತೆಯವರು "ಐದು ವರ್ಷಕ್ಕೇ ಚಾಳೀಸು ಕನ್ನಡಕವಾ?" ಅಂತ ಕೇಳಿಯಾರು, ನನ್ನ ಹತ್ತಿರ ಬಹಳ ಜನ ಅಜ್ಜಿಯರು ಕೇಳಿದ್ದಾರೆ. ಎರಡೂ ಪ್ಲಸ್ ಗಾಜೇ, ಆದರೆ ಕಾರಣ ಉಲ್ಟಾ. ಅಜ್ಜಿಯ ಲೆನ್ಸಿನಲ್ಲಿ ಶಕ್ತಿ ಉಳಿದಿಲ್ಲ. ಮೊಮ್ಮಗಳ ಲೆನ್ಸಿನಲ್ಲಿ ಬೇಕಾದಷ್ಟಿದೆ, ಅದು ಬೆಳಗಿನಿಂದ ರಾತ್ರಿವರೆಗೆ ಖರ್ಚಾಗುತ್ತಿದೆ.

ಎಷ್ಟು ಖರ್ಚಾಗುತ್ತಿದೆ ಅಂತ ಬಲಗಣ್ಣಿನ ಲೆಕ್ಕದಲ್ಲಿ ನೋಡೋಣ. ಬೇರೆ ಮಗು ದೂರದ ಬೋರ್ಡ್ ನೋಡುವಾಗ ಸ್ನಾಯು ಆರಾಮಾಗಿರುತ್ತದೆ, ಖರ್ಚು ಹೆಚ್ಚುಕಮ್ಮಿ ಸೊನ್ನೆ. ನಿಮ್ಮ ಮಗಳು ಅದೇ ಬೋರ್ಡಿಗೆ 4.50 ಖರ್ಚು ಮಾಡುತ್ತಾಳೆ. ಬಣ್ಣದ ಪುಸ್ತಕವನ್ನು ಒಂದು ಗೇಣು ದೂರ, ಅಂದರೆ ಸುಮಾರು 25 ಸೆಂಟಿಮೀಟರಿನಲ್ಲಿ ಇಟ್ಟುಕೊಂಡರೆ ಬೇರೆ ಮಗುವಿಗೆ 4 ಸಾಕು. ಇವಳಿಗೆ ಆ 4 ಮತ್ತು ತನ್ನ 4.50 ಸೇರಿ 8.50. ಅಷ್ಟನ್ನು ಅವಳು ಮಾಡಬಲ್ಲಳು, ಅದರಲ್ಲಿ ಅನುಮಾನವಿಲ್ಲ. ಶಾಲೆಯಲ್ಲಿ ಕೊನೇ ಸಾಲು ಓದಿದ್ದು ಹೀಗೆಯೇ. ಒಂದು ನಿಮಿಷದ ಪರೀಕ್ಷೆಗೆ ಮಗು ಪೂರ್ತಿ ಬಲ ಹಾಕಿ ಪಾಸಾಗುತ್ತದೆ. ಆ ಹೊತ್ತಿಗೆ ಕಣ್ಣಿನ ಮುಂದೆ ಪ್ಲಸ್ 2ರ ಗಾಜು ಹಿಡಿದು ಮತ್ತೆ ಓದಿಸಿದ್ದರೆ ಗುಟ್ಟು ಹೊರಬೀಳುತ್ತಿತ್ತು. ಪ್ಲಸ್ ನಂಬರ್ ಇಲ್ಲದ ಮಗುವಿಗೆ ಆ ಗಾಜಿನಲ್ಲಿ ದೂರದ ಅಕ್ಷರ ಮಸುಕಾಗುತ್ತದೆ. ಗಾಜು ಹಿಡಿದರೂ ಕೊನೇ ಸಾಲು ಓದಿದರೆ ಒಳಗೆ ಪ್ಲಸ್ ಅಡಗಿದೆ ಅಂತ ಅರ್ಥ.

ಮಷೀನಿನ ಮೈನಸ್ ಕೂಡ ಇದೇ ಸ್ನಾಯುವಿನ ಕೆಲಸ. ಮಗು ಗಲ್ಲ ಇಟ್ಟು ಒಳಗೆ ನೋಡುತ್ತದೆ, ಅಲ್ಲಿ ಬಲೂನಿನದೋ ಮನೆಯದೋ ಚಿತ್ರ. ಚಿತ್ರ ದೂರ ಇರುವಂತೆ ಕಾಣಲಿ ಅಂತ ಒಳಗೆ ವ್ಯವಸ್ಥೆ ಇರುತ್ತದೆ. ಆದರೂ ಡಬ್ಬಿಯೊಳಗೆ ಇಣುಕುತ್ತಿರುವ ಮಗುವಿಗೆ ಅದು ಹತ್ತಿರವೇ. ಅವಳು ಬಿಗಿ ಹಿಡಿದು ನೋಡುತ್ತಾಳೆ. ತನ್ನ 4.50ರ ಮೇಲೆ ಇನ್ನೊಂದು ಅರ್ಧ ಜಾಸ್ತಿಯೇ ಹಾಕಿದಳು, ಮಷೀನು ಮೈನಸ್ 0.50 ಅಂತ ಚೀಟಿ ಕೊಟ್ಟಿತು. ಮುಲಾಮು ಅಥವಾ ಡ್ರಾಪ್ಸ್ ಹಾಕದೆ ಚಿಕ್ಕ ಮಕ್ಕಳಿಗೆ ಮಷೀನು ತೋರಿಸಿದ ನಂಬರನ್ನು ನಾನು ಕನ್ನಡಕಕ್ಕೆ ಬರೆದುಕೊಡುವುದಿಲ್ಲ.

ಈಗ ಮಾಲುಗಣ್ಣಿಗೆ ಬರೋಣ. ಹತ್ತಿರದ್ದನ್ನು ನೋಡುವಾಗ ನಾವು ಎರಡು ಕೆಲಸ ಒಟ್ಟಿಗೆ ಮಾಡುತ್ತೇವೆ. ಲೆನ್ಸು ಉಬ್ಬುತ್ತದೆ, ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತಿನ ಹಾಗೆ, ಒಂದು ಎಳೆದರೆ ಇನ್ನೊಂದೂ ಹೋಗುತ್ತದೆ. ಬೇರೆ ಮಕ್ಕಳಲ್ಲಿ ಇದು ಅನುಕೂಲ, ಯಾಕೆಂದರೆ ಎರಡೂ ಒಂದೇ ಜಾಗಕ್ಕೆ ಹೋಗಬೇಕು. ಪ್ಲಸ್ ನಂಬರಿನ ಮಗುವಿಗೆ ಇದೇ ಕಷ್ಟ. ನಿಮ್ಮ ಮಗಳು ಬೋರ್ಡ್ ನೋಡುವಾಗ 4.50 ಉಬ್ಬಿಸುತ್ತಾಳಲ್ವಾ, ಅದು 22 ಸೆಂಟಿಮೀಟರಿನಲ್ಲಿರುವ ವಸ್ತುವಿಗೆ ಬೇಕಾದಷ್ಟು ಬಲ. ಹಾಗಾಗಿ ಕಣ್ಣುಗಳಿಗೂ "22 ಸೆಂಟಿಮೀಟರಿಗೆ ತಿರುಗಿ" ಅನ್ನುವಂಥ ಒತ್ತಡ ಬರುತ್ತದೆ. ಬಣ್ಣದ ಪುಸ್ತಕ ಒಂದು ಗೇಣಿನಲ್ಲಿದ್ದರೂ 8.50ರ ಲೆಕ್ಕದಲ್ಲಿ ಕಣ್ಣುಗಳನ್ನು ಎಳೆಯುವುದು ಸುಮಾರು 12 ಸೆಂಟಿಮೀಟರಿಗೆ, ಹೆಚ್ಚುಕಮ್ಮಿ ಅರ್ಧ ಗೇಣಿಗೆ. ಎಳೆತ ಎಲ್ಲ ಮಕ್ಕಳಲ್ಲೂ ಒಂದೇ ಜೋರಿನದಲ್ಲ, ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ಜಾಸ್ತಿ. ಆದರೆ ಎಳೆಯುವ ದಿಕ್ಕು ಒಂದೇ. ಇದನ್ನು ಮೊದಲು ಸ್ಪಷ್ಟವಾಗಿ ಬಿಡಿಸಿ ಹೇಳಿದವರು ನೆದರ್ಲೆಂಡ್ಸಿನ ಕಣ್ಣಿನ ವೈದ್ಯ ಡೊಂಡರ್ಸ್, 1864ರಲ್ಲಿ. ಇಷ್ಟು ಹಳೆಯ ವಿಷಯ ಇನ್ನೂ ಮನೆಮನೆಗೆ ತಲುಪಿಲ್ಲ ಅನ್ನುವುದು ನನಗೆ ನಿಜವಾಗಿ ಬೇಸರ.

ಹೀಗೆ ಎಳೆಯುವಾಗ ಮಗುವಿನ ಮುಂದೆ ಇರುವ ದಾರಿ ಮೂರೇ. ಒಂದು, ಅಕ್ಷರವೂ ಸ್ಪಷ್ಟ ಬೇಕು, ಕಣ್ಣೂ ನೆಟ್ಟಗಿರಬೇಕು ಅಂತ ಒಳಕ್ಕೆ ಹೋಗುವ ಕಣ್ಣನ್ನು ಹೊರಕ್ಕೆ ಹಿಡಿದುಕೊಳ್ಳುವುದು. ಆಗ ಸಂಜೆ ಹೊತ್ತಿಗೆ ಹಣೆ, ಹುಬ್ಬಿನ ಮೇಲೆ ನೋವು. ಎರಡು, ಸ್ಪಷ್ಟತೆಯ ಆಸೆ ಬಿಟ್ಟು ಮಸುಕಾಗಿಯೇ ನೋಡುವುದು. ಆರೋ ಏಳೋ ನಂಬರ್ ಇರುವ ಮಕ್ಕಳು ಬಹಳ ಸಲ ಹೀಗೆ ಮಾಡುತ್ತಾರೆ. ಅವರಿಗೆ ಮಾಲುಗಣ್ಣೂ ಬರುವುದಿಲ್ಲ, ತಲೆನೋವೂ ಇಲ್ಲ, ಎರಡೂ ಕಣ್ಣಿನ ದೃಷ್ಟಿ ಮಾತ್ರ ಬೆಳೆಯದೆ ಉಳಿಯುತ್ತದೆ. ಮೂರು, ಅಕ್ಷರ ಸ್ಪಷ್ಟ ಇಟ್ಟುಕೊಂಡು ಒಂದು ಕಣ್ಣನ್ನು ಒಳಕ್ಕೆ ಬಿಟ್ಟುಕೊಡುವುದು. ನಿಮ್ಮ ಮಗಳು ಈಗ ಒಂದನೇ ದಾರಿಗೂ ಮೂರನೇ ದಾರಿಗೂ ನಡುವೆ ಓಡಾಡುತ್ತಿದ್ದಾಳೆ. ಬಣ್ಣ ತುಂಬುವಾಗ ಕಣ್ಣು ಒಳಗೆ, ನೀವು ಕರೆದಾಗ ತಲೆ ಎತ್ತಿ ದೂರ ನೋಡುವುದರಿಂದ ಬಲ ಅರ್ಧಕ್ಕೆ ಇಳಿದು ಕಣ್ಣು ನೆಟ್ಟಗೆ. ಜ್ವರ ಬಂದಾಗ, ನಿದ್ದೆಗೆಟ್ಟಾಗ, ಕಲ್ಯಾಣದ ಲೋಕಲ್ಲಿನಲ್ಲಿ ಸುಸ್ತಾಗಿ ಮನೆಗೆ ಬಂದ ಸಂಜೆ ಜಾಸ್ತಿ ಕಂಡಿರಬೇಕು, ನೆನಪು ಮಾಡಿಕೊಂಡು ನೋಡಿ. ಹಿಡಿದುಕೊಳ್ಳುವ ಬಲ ಕಡಿಮೆಯಾದಾಗ ಕಣ್ಣು ಜಾರುತ್ತದೆ.

ಯಾವಾಗಲೂ ಎಡಗಣ್ಣೇ ಯಾಕೆ? ಎಡಕ್ಕೆ 0.75 ಜಾಸ್ತಿ ಇದೆ, ಅದಕ್ಕೆ. ಎರಡೂ ಕಣ್ಣಿನ ಲೆನ್ಸಿಗೆ ಮೆದುಳು ಕೊಡುವ ಆಜ್ಞೆ ಒಂದೇ. ಬಲಗಣ್ಣು ಸ್ಪಷ್ಟವಾದಾಗ ಎಡಗಣ್ಣು ಇನ್ನೂ ಸ್ವಲ್ಪ ಮಸುಕಾಗಿಯೇ ಇರುತ್ತದೆ. ಕಣ್ಣು ಜಾರಿದಾಗ ಒಂದು ವಸ್ತು ಎರಡಾಗಿ ಕಾಣಬೇಕು. ಮೆದುಳು ಆ ಗೊಂದಲ ತಡೆಯಲಾರದೆ ಮಸುಕಾದ ಕಣ್ಣಿನ ಚಿತ್ರವನ್ನು ಅಳಿಸಿಬಿಡುತ್ತದೆ. ಮೊದಮೊದಲು ಮಗು ಬಿಸಿಲಿನಲ್ಲಿ ಒಂದು ಕಣ್ಣು ಮುಚ್ಚುತ್ತದೆ, ಕಣ್ಣು ಉಜ್ಜಿಕೊಳ್ಳುತ್ತದೆ. ಆಮೇಲೆ ಅದೂ ನಿಲ್ಲುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಣ್ಣು ಪೂರ್ತಿಯಾಗಿ ಒಳಕ್ಕೆ ಹೋಗಿ ಮೆದುಳು ಅದನ್ನು ಕೈಬಿಟ್ಟ ಮೇಲೆ ಹಿಡಿದುಕೊಳ್ಳುವ ಕೆಲಸವೇ ಇರುವುದಿಲ್ಲ, ಹಾಗಾಗಿ ತಲೆನೋವು ಕಡಿಮೆಯಾಗಬಹುದು. "ಈಗ ತಲೆನೋವು ಇಲ್ಲ, ಚೆನ್ನಾಗಿದ್ದಾಳೆ" ಅಂತ ತಂದೆತಾಯಿ ಸಮಾಧಾನ ಪಡುವುದು ಸರಿಯಾಗಿ ಆ ಹೊತ್ತಿಗೇ. ಅಷ್ಟರಲ್ಲಿ ಎಡಗಣ್ಣು ಸೋಮಾರಿ ಕಣ್ಣಾಗಿರುತ್ತದೆ.

ತಲೆನೋವಿನ ಬಗ್ಗೆ ಇನ್ನೊಂದಿಷ್ಟು. ಫೋಕಸ್ ಶ್ರಮದ ನೋವಿಗೆ ಒಂದು ವೇಳಾಪಟ್ಟಿ ಇರುತ್ತದೆ. ಓದು, ಬರಹ, ಬಣ್ಣ ಆದ ಮೇಲೆ ಬರುತ್ತದೆ. ಶಾಲೆಯ ದಿನ ಜಾಸ್ತಿ, ಊರಿಗೆ ಹೋದ ಮೇ ರಜೆಯಲ್ಲಿ ಗದ್ದೆ ತೋಟ ಸುತ್ತುವಾಗ ಕಡಿಮೆ. ಬೆಳಿಗ್ಗೆ ಏಳುವಾಗ ಇರುವುದಿಲ್ಲ. ಹತ್ತು ದಿನ ಕ್ಯಾಲೆಂಡರಿನ ಮೇಲೆ ನೋವು ಬಂದ ಹೊತ್ತು ಗುರುತು ಹಾಕಿ, ಗೊತ್ತಾಗುತ್ತದೆ. ಮಕ್ಕಳ ತಲೆನೋವೆಲ್ಲ ಕಣ್ಣಿನದ್ದಲ್ಲ, ಮಕ್ಕಳಿಗೂ ಮೈಗ್ರೇನ್ ಬರುತ್ತದೆ. ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಬೆಳಿಗ್ಗೆ ಎದ್ದೊಡನೆ ನೋವಿನ ಜೊತೆ ವಾಂತಿಯಾದರೆ, ಒಂದೆರಡು ದಿನದಲ್ಲಿ ದಿಢೀರನೆ ಮಾಲುಗಣ್ಣು ಬಂದು ಎರಡೆರಡು ಕಾಣುತ್ತಿದ್ದರೆ, ಒಂದು ಕಣ್ಣು ಹೊರಕ್ಕೆ ತಿರುಗಲೇ ಒಲ್ಲದಿದ್ದರೆ ಅದು ಪ್ಲಸ್ ನಂಬರಿನ ವಿಷಯವಲ್ಲ, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಫೋಟೋದಲ್ಲಿ ಪಾಪೆ ಬೆಳ್ಳಗೆ ಹೊಳೆದರೂ ಕಾಯಬಾರದು, ಕಣ್ಣಿನೊಳಗೆ ಗಡ್ಡೆ ಇದೆಯಾ ಅಂತ ತಕ್ಷಣ ನೋಡಿಸಬೇಕು. ನೀವು ಬರೆದದ್ದರಲ್ಲಿ ಇವು ಯಾವುವೂ ಇಲ್ಲ.

ಮುಲಾಮಿನಿಂದ ನಂಬರ್ ಬಂದಿಲ್ಲ. ಹಾಕಿದ್ದು ಅಟ್ರೋಪಿನ್ ಇರಬೇಕು, ಮೂರು ದಿನ ಹಾಕಿಸುವುದು ಸಾಮಾನ್ಯವಾಗಿ ಅದನ್ನೇ. ಅದು ಫೋಕಸ್ ಸ್ನಾಯುವನ್ನು ಸಡಿಲ ಬಿಡಿಸುತ್ತದೆ, ಪಾಪೆಯನ್ನು ಅಗಲ ಮಾಡುತ್ತದೆ. ಬೇರೆ ಮಗುವಿಗೆ ಈ ಮುಲಾಮು ಹಾಕಿದರೆ ಪುಸ್ತಕ ಮಸುಕಾಗುತ್ತದೆ, ದೂರದ್ದು ಹೆಚ್ಚುಕಮ್ಮಿ ಸರಿಯಾಗಿಯೇ ಕಾಣುತ್ತದೆ. ನಿಮ್ಮ ಮಗಳಿಗೆ ಟೀವಿಯೂ ಮಸುಕಾಯಿತು ಅಂತ ಬರೆದಿದ್ದೀರಿ. ಟೀವಿ ನೋಡಲೂ ಅವಳು ಇಷ್ಟು ದಿನ ಬಲ ಹಾಕುತ್ತಿದ್ದಳು ಅನ್ನುವುದಕ್ಕೆ ಅದೇ ಸಾಕ್ಷಿ. ಈಗ ನೀವು ನೋಡುತ್ತಿರುವುದು ಅವಳ ಕಣ್ಣಿನ ನಿಜವಾದ ಸ್ಥಿತಿ. ಮದ್ದಿನ ಪ್ರಭಾವ ಹತ್ತು ದಿನದಿಂದ ಎರಡು ವಾರದವರೆಗೆ ಇರಬಹುದು. ಅಲ್ಲಿಯವರೆಗೆ ಬಿಸಿಲಿಗೆ ಟೋಪಿ ಹಾಕಿಸಿ, ಹೋಂವರ್ಕ್ ಬೇಡ ಅಂತ ಟೀಚರಿಗೆ ಒಂದು ಚೀಟಿ ಬರೆದುಕೊಡಿ. ಮುಂದೆ ಎಂದಾದರೂ ಮತ್ತೆ ಹಾಕಬೇಕಾಗಿ ಬಂದರೆ ಡಾಕ್ಟರು ಹೇಳಿದ್ದಕ್ಕಿಂತ ಒಂದು ಸಲವೂ ಜಾಸ್ತಿ ಹಾಕಬೇಡಿ. ಅಕ್ಕಿಕಾಳಿನಷ್ಟು ಸಾಕು. ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ, ಕೈ ತೊಳೆಯಿರಿ, ಟ್ಯೂಬನ್ನು ತಮ್ಮನ ಕೈಗೆ ಸಿಗದ ಕಡೆ ಇಡಿ. ಮುಖ ಕೆಂಪೇರಿ ಮೈ ಬಿಸಿಯಾದರೆ, ಬಾಯಿ ಒಣಗಿದರೆ, ಎದೆಬಡಿತ ಜೋರಾದರೆ ಮುಂದಿನ ಸಲದ್ದು ಹಾಕದೆ ಡಾಕ್ಟರಿಗೆ ಫೋನ್ ಮಾಡಿ.

ನೀವು ಮನೆಯಲ್ಲಿ ಕಂಡದ್ದನ್ನು ನಂಬಿ ಅಂತ ಹೇಳಲು ನನಗೆ ಒಂದು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಕರೆತಂದು "ಊಟ ಮಾಡುವಾಗ ಕಣ್ಣು ಒಳಗೆ ಹೋಗುತ್ತೆ" ಅಂದರು. ನಾನು ಟಾರ್ಚ್ ಹಿಡಿದು ನೋಡಿದೆ. ಎರಡೂ ಪಾಪೆಯ ನಡುವೆ ಬೆಳಕಿನ ಚುಕ್ಕೆ ಸರಿಯಾಗಿ ಕೂತಿತ್ತು. ಕಣ್ಣು ನೆಟ್ಟಗಿದೆ ಅಂದೆ. ನನ್ನ ಹಿರಿಯರು ಆ ಹುಡುಗನ ಮುಂದೆ ಐಸ್ ಕ್ಯಾಂಡಿ ಕಡ್ಡಿ ಹಿಡಿದರು, ಅದರ ತುದಿಯಲ್ಲಿ ಸಾಸಿವೆಯಷ್ಟು ದೊಡ್ಡ ಮೀನಿನ ಚಿತ್ರ. "ಮೀನಿಗೆ ಬಾಲ ಇದೆಯಾ ನೋಡು ಮರಿ" ಅಂದರು. ಹುಡುಗ ಬಾಲ ಹುಡುಕಲು ಶುರುಮಾಡಿದ ಕ್ಷಣಕ್ಕೆ ಬಲಗಣ್ಣು ಸರ್ರನೆ ಮೂಗಿಗೆ ಹೋಯಿತು. ಟಾರ್ಚಿನ ಬೆಳಕನ್ನು ನೋಡಲು ಫೋಕಸ್ ಬೇಡ, ಬೆಳಕು ಮಸುಕಾದರೂ ಬೆಳಕೇ. ಬಾಲ ಕಾಣಬೇಕಾದರೆ ಲೆನ್ಸು ಉಬ್ಬಲೇಬೇಕು. ಆ ತಾಯಿ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ನೀವೂ ಒಂದು ಚಮಚದ ಹಿಂದೆ ಸಣ್ಣ ಸ್ಟಿಕ್ಕರ್ ಅಂಟಿಸಿ, ಮದ್ದು ಪೂರ್ತಿ ಇಳಿದ ಮೇಲೆ ಕನ್ನಡಕ ಹಾಕಿಸಿ ಒಂದು ಸಲ, ತೆಗೆದು ಒಂದು ಸಲ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಡಾಕ್ಟರಿಗೆ ಅದು ಬಹಳ ಉಪಯೋಗ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಹುಟ್ಟುವಾಗ ಎಲ್ಲ ಮಕ್ಕಳ ಕಣ್ಣೂ ಗಿಡ್ಡವೇ, ಸಾಮಾನ್ಯವಾಗಿ ಪ್ಲಸ್ 2ರ ಆಸುಪಾಸು ಇರುತ್ತದೆ. ಕಣ್ಣು ಬೆಳೆಯುತ್ತಾ ಅದು ಕರಗುತ್ತದೆ. ಆದರೆ ಈ ಬೆಳವಣಿಗೆಯ ದೊಡ್ಡ ಪಾಲು ಮೊದಲ ಒಂದೆರಡು ವರ್ಷದಲ್ಲೇ ಆಗಿಬಿಡುತ್ತದೆ. ಐದೂವರೆಗೆ 4.50 ಉಳಿದಿದೆ ಅಂದರೆ ಅದು ತಾನಾಗಿ ಬೇಗ ಸೊನ್ನೆಯಾಗುವ ನಂಬರಲ್ಲ. ಅಗಲ ಮೂಗಿನ ಮಕ್ಕಳಲ್ಲಿ ಮಾಲುಗಣ್ಣು ಇರುವಂತೆ ಬರೀ ತೋರುವುದೂ ಉಂಟು. ಅವರಿಗೆ ಮೂಗು ಎತ್ತರವಾದಂತೆ ಆ ನೋಟ ಹೋಗುತ್ತದೆ, "ದೊಡ್ಡವಳಾದ್ರೆ ಸರಿಹೋಗತ್ತೆ" ಅನ್ನುವ ಮಾತು ಅಂಥ ಮಕ್ಕಳನ್ನು ನೋಡಿಯೇ ಬಂದಿರಬಹುದು. ನಿಮ್ಮ ಮಗಳದ್ದು ಕೆಲವೊಮ್ಮೆ ಬಂದು ಕೆಲವೊಮ್ಮೆ ಹೋಗುವ, ನಿಜವಾಗಿ ಸರಿಯುವ ಕಣ್ಣು. ಅದೃಷ್ಟದ ಮಾತಿಗೆ ಅತ್ತೆಯವರ ಜೊತೆ ವಾದ ಬೇಡ. ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣೊಂದರಲ್ಲೇ ಪೇಪರಿನ ಸಣ್ಣ ಅಕ್ಷರ ತೋರಿಸಿ, ಅವರೇ ಪಕ್ಕದಲ್ಲಿ ಕೂತು ನೋಡಲಿ. ಇದನ್ನೂ ಮದ್ದು ಇಳಿದ ಮೇಲೆಯೇ ಮಾಡಿ.

ಈಗ ಚಿಕಿತ್ಸೆ. ನಿಮ್ಮ ಡಾಕ್ಟರು ಹೇಳಿದ್ದೇ ಮೊದಲ ಹೆಜ್ಜೆ. ಪೂರ್ತಿ ನಂಬರಿನ ಕನ್ನಡಕ, ಎದ್ದಾಗಿನಿಂದ ಮಲಗುವವರೆಗೆ. "ನಮ್ಮ ಪಕ್ಕದ ಹುಡುಗನಿಗೆ ಪ್ಲಸ್ 3 ಇದ್ದರೂ ಕನ್ನಡಕ ಕೊಟ್ಟಿಲ್ಲ" ಅಂತ ಯಾರಾದರೂ ಹೇಳಿಯಾರು. ಕಣ್ಣು ನೆಟ್ಟಗಿದ್ದು, ತಲೆನೋವಿಲ್ಲದೆ, ಎರಡೂ ಕಣ್ಣು ಸಮವಾಗಿ ಕಾಣುವ ಮಗುವಿಗೆ ನಾವು ಕಾಯುತ್ತೇವೆ, ಇಲ್ಲವೇ ನಂಬರನ್ನು ಸ್ವಲ್ಪ ಕಡಿಮೆ ಮಾಡಿ ಕೊಡುತ್ತೇವೆ. ಕಣ್ಣು ಒಳಕ್ಕೆ ಸರಿಯಲು ಶುರುವಾದ ಮೇಲೆ ಆ ಲೆಕ್ಕ ಬೇರೆ. ಕನ್ನಡಕ ಪೂರ್ತಿ ಹೊರೆ ಹೊತ್ತರೆ ಲೆನ್ಸು ಉಬ್ಬಬೇಕಾಗಿಲ್ಲ, ಲೆನ್ಸು ಉಬ್ಬದಿದ್ದರೆ ಕಣ್ಣು ಒಳಕ್ಕೆ ಎಳೆಯುವುದಿಲ್ಲ. ಅರ್ಧ ನಂಬರ್ ಕೊಟ್ಟರೆ ಅರ್ಧ ಎಳೆತ ಉಳಿಯುತ್ತದೆ.

ಮದ್ದು ಇಳಿಯುವ ಮೊದಲೇ ಕನ್ನಡಕ ಕೈಗೆ ಬರುವ ಹಾಗೆ ನೋಡಿಕೊಳ್ಳಿ. ಈಗ ಬರಿಗಣ್ಣಿಗೆ ಮಸುಕು, ಕನ್ನಡಕಕ್ಕೆ ಸ್ಪಷ್ಟ, ಹಾಗಾಗಿ ಅವಳೇ ಕೇಳಿ ಹಾಕಿಕೊಳ್ಳುತ್ತಾಳೆ. ಮದ್ದು ಇಳಿದ ಮೇಲೆ ಮೊದಲ ಸಲ ಹಾಕಿದರೆ ಉಲ್ಟಾ. ವರ್ಷಗಟ್ಟಲೆ ಬಿಗಿದಿದ್ದ ಸ್ನಾಯು ಒಂದೇ ದಿನಕ್ಕೆ ಸಡಿಲವಾಗುವುದಿಲ್ಲ, ಆ ಬಿಗಿಯ ಮೇಲೆ ಕನ್ನಡಕವೂ ಸೇರಿ ದೂರದ್ದು ಮಸುಕಾಗುತ್ತದೆ. ಮಗು ಗಾಜಿನ ಮೇಲಿನಿಂದ ಇಣುಕುತ್ತದೆ, ಕಿತ್ತು ಸೋಫಾದ ಹಿಂದೆ ಬಿಸಾಕುತ್ತದೆ. ಎರಡು ಮೂರು ವಾರದಲ್ಲಿ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಹೊಂದದಿದ್ದರೆ ನಂಬರ್ ತಪ್ಪು ಅಂತ ಅಂಗಡಿಗೆ ಓಡಬೇಡಿ, ಡಾಕ್ಟರ ಹತ್ತಿರ ಹೋಗಿ. ಕೆಲವು ದಿನ ಮತ್ತೆ ಅಟ್ರೋಪಿನ್ ಹಾಕಿಸಿ ಸ್ನಾಯುವನ್ನು ಒಪ್ಪಿಸುವುದುಂಟು. ಫ್ರೇಮು ಚಿಕ್ಕದಿರಲಿ, ಮೂಗಿನ ಮೇಲೆ ಜಾರಬಾರದು, ಕಿವಿಯ ಹಿಂದೆ ಎಲಾಸ್ಟಿಕ್ ಪಟ್ಟಿ ಇದ್ದರೆ ಒಳ್ಳೆಯದು. ಗಾಜು ಬೇಡ, ಒಡೆಯದ ಪಾಲಿಕಾರ್ಬೊನೇಟ್ ಲೆನ್ಸು ಕೇಳಿ.

ಒಂದು ತಿಂಗಳು ಕಳೆಯುವ ಹೊತ್ತಿಗೆ ನೀವು ಗಾಬರಿಯಾಗುವ ಒಂದು ಸಂಗತಿ ನಡೆಯುತ್ತದೆ, ಈಗಲೇ ಹೇಳಿಬಿಡುತ್ತೇನೆ. ರಾತ್ರಿ ಮುಖ ತೊಳೆಯಲು ಕನ್ನಡಕ ತೆಗೆದಾಗ ಮಾಲುಗಣ್ಣು ಮೊದಲಿಗಿಂತ ಜೋರಾಗಿ ಕಾಣುತ್ತದೆ. ಕನ್ನಡಕವೇ ಕಣ್ಣು ಕೆಡಿಸಿತು ಅಂತ ಎಷ್ಟೋ ಮನೆಯಲ್ಲಿ ಅಂದೇ ಅದನ್ನು ಕಪಾಟಿಗೆ ಸೇರಿಸುತ್ತಾರೆ. ಆಗಿರುವುದು ಇಷ್ಟೇ. ಅವಳಿಗೆ ಈಗ ಸ್ಪಷ್ಟವಾಗಿ ನೋಡುವ ರುಚಿ ಹತ್ತಿದೆ. ಕನ್ನಡಕ ತೆಗೆದೊಡನೆ ಅದೇ ಸ್ಪಷ್ಟತೆಗಾಗಿ ಪೂರ್ತಿ ಬಲ ಹಾಕುತ್ತಾಳೆ, ಕಣ್ಣು ಪೂರ್ತಿ ಒಳಕ್ಕೆ ಹೋಗುತ್ತದೆ. ಕನ್ನಡಕ ಹಾಕಿದಾಗ ನೆಟ್ಟಗಿದೆಯಾ ಅನ್ನುವುದೊಂದೇ ನೀವು ನೋಡಬೇಕಾದದ್ದು.

ಬೇಕಾದಾಗ ಮಾತ್ರ ಹಾಕಿದರೆ ಏನಾಗುತ್ತದೆ ಅಂತ ಒಬ್ಬ ಹುಡುಗನಲ್ಲಿ ಹತ್ತಿರದಿಂದ ಕಂಡಿದ್ದೇನೆ. ಅಂಬರನಾಥದಿಂದ ಬರುತ್ತಿದ್ದ, ನಮ್ಮ ಗದಗಿನ ಕಡೆಯ ಮನೆ. ಐದು ವರ್ಷ, ಎರಡೂ ಕಣ್ಣಿಗೆ ಪ್ಲಸ್ 5ರ ಹತ್ತಿರ. ಕನ್ನಡಕ ಹಾಕಿದ ಆರನೇ ವಾರಕ್ಕೆ ಕಣ್ಣು ಚೆಂದ ನೆಟ್ಟಗಾಗಿತ್ತು. ಶಾಲೆಯಲ್ಲಿ "ಚಶ್ಮಿಶ್" ಅಂತ ಕಾಡಿದರು, ಮನೆಯವರಿಗೆ ಪಾಪ ಅನ್ನಿಸಿತು. ಓದುವಾಗ ಮಾತ್ರ ಸಾಕು ಅಂತ ಅವರೇ ತೀರ್ಮಾನಿಸಿದರು. ಎರಡು ವರ್ಷ ಬರಲಿಲ್ಲ. ಬಂದಾಗ ಎಡಗಣ್ಣು ಹಗಲಿಡೀ ಒಳಗೇ ಇತ್ತು, ಕನ್ನಡಕ ಹಾಕಿದರೂ ಅರ್ಧದಷ್ಟು ಉಳಿಯುತ್ತಿತ್ತು. ಎಡಗಣ್ಣಿನ ದೃಷ್ಟಿ 6/36ಕ್ಕೆ ಇಳಿದಿತ್ತು. ಬಲಗಣ್ಣಿಗೆ ಪಟ್ಟಿ ಕಟ್ಟಿ ಹತ್ತು ತಿಂಗಳು ದುಡಿದ ಮೇಲೆ 6/12 ಬಂತು. ಉಳಿದ ಮಾಲುಗಣ್ಣಿಗೆ ಆಪರೇಷನ್ ಆಯಿತು, ಕನ್ನಡಕ ಉಳಿಯಿತು. ಎರಡೂ ಕಣ್ಣು ಸೇರಿಸಿ ಆಳ ಅಳೆಯುವ ಶಕ್ತಿ ಮಾತ್ರ ಅವನಿಗೆ ಸರಿಯಾಗಿ ಬರಲಿಲ್ಲ. ಲೋಟಕ್ಕೆ ನೀರು ಬಗ್ಗಿಸುವಾಗ ತಂಬಿಗೆಯ ಅಂಚನ್ನು ಲೋಟಕ್ಕೆ ತಾಗಿಸಿಕೊಂಡೇ ಬಗ್ಗಿಸುತ್ತಿದ್ದ.

ನಿಮ್ಮ ಮಗಳು ಆ ಹಂತದಿಂದ ಬಹಳ ದೂರ ಇದ್ದಾಳೆ, ಯಾಕೆಂದರೆ ಕರೆದರೆ ಇನ್ನೂ ಕಣ್ಣು ನೆಟ್ಟಗಾಗುತ್ತಿದೆ. ಕನ್ನಡಕ ಹಾಕಿದ ಆರರಿಂದ ಎಂಟು ವಾರಕ್ಕೆ ಮತ್ತೆ ತೋರಿಸಿ. ಆಗ ನಾಲ್ಕರಲ್ಲಿ ಒಂದು ಕಾಣಬಹುದು. ದೂರ, ಹತ್ತಿರ ಎರಡಕ್ಕೂ ಕಣ್ಣು ನೆಟ್ಟಗಿದ್ದು ಎಡಗಣ್ಣೂ ಬಲದಷ್ಟೇ ಓದಿದರೆ ಕನ್ನಡಕವೊಂದೇ ಸಾಕು. ಕಣ್ಣು ನೆಟ್ಟಗಿದ್ದೂ ಎಡಗಣ್ಣಿನ ಓದು ಕಡಿಮೆ ಇದ್ದರೆ ಬಲಗಣ್ಣಿಗೆ ಪಟ್ಟಿ ಹಾಕಬೇಕು, ಮಧ್ಯಮ ಮಟ್ಟದ್ದಕ್ಕೆ ದಿನಕ್ಕೆ 2 ಗಂಟೆಯಿಂದ ಶುರು ಮಾಡುತ್ತೇವೆ. ಪಟ್ಟಿ ಚರ್ಮಕ್ಕೆ ಅಂಟಬೇಕು, ಕನ್ನಡಕದ ಗಾಜಿಗೆ ಬಟ್ಟೆ ಕಟ್ಟಿದರೆ ಮಗು ಪಕ್ಕದಿಂದ ನೋಡುತ್ತದೆ. ಡಾಕ್ಟರು ಹೇಳಿದ್ದಕ್ಕಿಂತ ಜಾಸ್ತಿ ಗಂಟೆ ಕಟ್ಟುವುದೂ ಬೇಡ, ಒಳ್ಳೆಯ ಕಣ್ಣೇ ಹಿಂದೆ ಬೀಳಬಹುದು. ಮೂರನೆಯದು, ಕನ್ನಡಕದಲ್ಲಿ ದೂರಕ್ಕೆ ನೆಟ್ಟಗಿದ್ದು ಪುಸ್ತಕಕ್ಕೆ ಮಾತ್ರ ಒಳಕ್ಕೆ ಹೋಗುವುದು. ನೊಗದ ಎಳೆತ ಜೋರಾಗಿರುವ ಮಕ್ಕಳಲ್ಲಿ ಹೀಗಾಗುತ್ತದೆ. ಅವರಿಗೆ ಬೈಫೋಕಲ್ ಕೊಡುತ್ತೇವೆ. ಅದರ ಗೆರೆ ಪಾಪೆಯ ನಡುವಿಗೆ ಬರಬೇಕು. ಅಂಗಡಿಯಲ್ಲಿ ದೊಡ್ಡವರ ಅಭ್ಯಾಸದಂತೆ ಗೆರೆ ಕೆಳಗಿಟ್ಟರೆ ಮಗು ಆ ಭಾಗದಲ್ಲಿ ನೋಡುವುದೇ ಇಲ್ಲ.

ನಾಲ್ಕನೆಯದಕ್ಕೆ ಮಾತ್ರ ಆಪರೇಷನ್, ಅಂದರೆ ಪೂರ್ತಿ ನಂಬರನ್ನು ಕೆಲವು ತಿಂಗಳು ಬಿಡದೆ ಹಾಕಿದ ಮೇಲೂ ಉಳಿಯುವ ಮಾಲುಗಣ್ಣಿಗೆ. ಅದು ಕಣ್ಣು ತಿರುಗಿಸುವ ಸ್ನಾಯುವಿನ ಜಾಗ ಬದಲಿಸುತ್ತದೆ, ಕಣ್ಣನ್ನು ಉದ್ದ ಮಾಡುವುದಿಲ್ಲ, ನಂಬರ್ ಹಾಗೇ ಇರುತ್ತದೆ. ಪಕ್ಕದ ಮನೆಯವರ ಮಾತು ಕೇಳಿ ಈಗಲೇ, ಕನ್ನಡಕವಿಲ್ಲದಾಗ ಕಾಣುವ ಮಾಲುಗಣ್ಣಿಗೆ ಆಪರೇಷನ್ ಮಾಡಿಸಿದರೆ ಅವಳು ಕನ್ನಡಕ ಹಾಕಿದಾಗ ಕಣ್ಣು ಹೊರಕ್ಕೆ ಸರಿಯಬಹುದು. ಮುಂದೆ ನಂಬರ್ ಇಳಿದಂತೆ ಅದು ಇನ್ನೂ ಹೆಚ್ಚಬಹುದು. ನಿಮ್ಮ ಮಗಳಿಗೆ ಇವತ್ತು ನಾನಾಗಿದ್ದರೆ ಆಪರೇಷನ್ ಮಾತೇ ಎತ್ತುತ್ತಿರಲಿಲ್ಲ. ಕಣ್ಣಿನ ವ್ಯಾಯಾಮ, ಹರಳೆಣ್ಣೆ, ಕ್ಯಾರೆಟ್ ಯಾವುದೂ ಗಿಡ್ಡ ಕಣ್ಣನ್ನು ಉದ್ದ ಮಾಡುವುದಿಲ್ಲ. ಕ್ಯಾರೆಟ್ ತಿನ್ನಲಿ, ಎಣ್ಣೆ ಕಣ್ಣಿಗೆ ಬೇಡ.

ಕನ್ನಡಕ ಎಷ್ಟು ವರ್ಷ ಅಂತ ಖಂಡಿತ ಕೇಳುತ್ತೀರಿ. ಏಳೆಂಟು ವರ್ಷದ ನಂತರ ಪ್ಲಸ್ ನಿಧಾನವಾಗಿ ಇಳಿಯುವ ಮಕ್ಕಳಿದ್ದಾರೆ. ಕೆಲವರಿಗೆ ಹದಿವಯಸ್ಸಿನಲ್ಲಿ ಕನ್ನಡಕ ಬಿಡಿಸಲು ಸಾಧ್ಯವಾಗುತ್ತದೆ. 4.50, 5.25ರಲ್ಲಿ ಶುರುವಾದವರಿಗೆ ದೊಡ್ಡವರಾದ ಮೇಲೂ ಬೇಕಾಗುವ ಸಾಧ್ಯತೆ ಜಾಸ್ತಿ, ಆಗ ಬೇಕಾದರೆ ಕಾಂಟ್ಯಾಕ್ಟ್ ಲೆನ್ಸು ಇದೆ. ವರ್ಷಕ್ಕೊಮ್ಮೆಯಾದರೂ ಡ್ರಾಪ್ಸ್ ಅಥವಾ ಮುಲಾಮು ಹಾಕಿಸಿ ನಂಬರ್ ಮತ್ತೆ ನೋಡಿಸಿ. ಮುಂದಿನ ಸಲ ಅರ್ಧ ನಂಬರ್ ಜಾಸ್ತಿ ಬಂದರೆ ಕನ್ನಡಕದಿಂದ ಏರಿತು ಅಂದುಕೊಳ್ಳಬೇಡಿ, ಸ್ನಾಯು ಇನ್ನೂ ಸ್ವಲ್ಪ ಸಡಿಲವಾಗಿ ಅಡಗಿದ್ದದ್ದು ಹೊರಬಂದಿರುತ್ತದೆ.

ಮಗನ ಬಗ್ಗೆ ಕೇಳಿದ್ದೀರಿ. ಇದು ಮನೆತನದಲ್ಲಿ ಹರಿಯುತ್ತದೆ. ಈ ಬಗೆಯ ಮಾಲುಗಣ್ಣು ಹೆಚ್ಚಾಗಿ ಶುರುವಾಗುವುದೇ ಎರಡು ಮೂರು ವರ್ಷಕ್ಕೆ, ಮಗು ಸಣ್ಣ ವಸ್ತುಗಳನ್ನು ಗಮನ ಕೊಟ್ಟು ನೋಡಲು ಆರಂಭಿಸುವ ಹೊತ್ತಿಗೆ. ಅವನಿಗೆ ಅಕ್ಷರ ಓದಲು ಬರಬೇಕಾಗಿಲ್ಲ. ಮದ್ದು ಹಾಕಿ ಕಣ್ಣಿಗೆ ಬೆಳಕು ಬಿಟ್ಟು, ಆ ಬೆಳಕು ವಾಪಸ್ ಬರುವ ರೀತಿ ನೋಡಿಯೇ ನಂಬರ್ ಹೇಳಬಹುದು. ಅಕ್ಕನನ್ನು ಆರು ವಾರಕ್ಕೆ ತೋರಿಸಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ.